ಕಿಂಡಿಯ ಶಾಟು: ಫ್ರೇಮಿಗೆ 11 ನಿಮಿಷ ಇದ್ದದ್ದು ಎರಡಕ್ಕೆ ಇಳಿದದ್ದು

ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ಇಟ್ಟುಕೊಂಡು ಒಂದು ತ್ರೀಡಿ ಕಿರುಚಿತ್ರ ಮಾಡಿದೆ. ಬ್ಲೆಂಡರ್, ಅದರ ಸೈಕಲ್ಸ್ ರೆಂಡರರ್, ಮನೆಯಲ್ಲಿದ್ದ 3060 ಗ್ರಾಫಿಕ್ಸ್ ಕಾರ್ಡು, ಅಷ್ಟೇ. ಬಂಡೆಯೊಳಗಿನ ಶಾಟು ಸುಮಾರು 40 ಸೆಕೆಂಡಿನದು. ರೆಂಡರ್ ಆಗಲು ಫ್ರೇಮಿಗೆ ಹತ್ತಿರ ಹತ್ತಿರ 11 ನಿಮಿಷ. ಹಗಲೂ ರಾತ್ರಿ ಓಡಿಸಿದರೂ ವಾರ ಬೇಕು. ರೆಂಡರ್ ಫಾರ್ಮ್ ಒಂದನ್ನು ಕೇಳಿದರೆ 30 ಸಾವಿರಕ್ಕೂ ಜಾಸ್ತಿ ಹೇಳಿದರು. ದಾವಣಗೆರೆಯ ಗೆಳೆಯರಂತೂ "ಸುಮ್ನೆ ಬ್ಲೆಂಡರಿನ ಆ ಫಾಸ್ಟ್ ರೆಂಡರರ್ ಈವಿಯಲ್ಲಿ ಮುಗಿಸೋ, ನಿನ್ನ ಕಾರ್ಡಿಗೆ ಇದು ಆಗೋ ಕೆಲಸ ಅಲ್ಲ" ಎಂದರು.

ತೊಂದರೆ ಇದ್ದದ್ದು ಬೆಳಕು ಬರುವ ದಾರಿಯಲ್ಲಿ. ಸಂಜೆಯ ಆಕಾಶದ ಬೆಳಕು ಸಣ್ಣ ಸಂದಿಯಿಂದ ಒಳಗೆ ಬರಬೇಕು. ಬಂಡೆಯಿಂದ ಹೊರಟ ಕಿರಣಗಳಲ್ಲಿ ಹೆಚ್ಚಿನವು ಆ ಸಂದಿಯನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಚಿತ್ರದ ತುಂಬ ಕಾಳುಕಾಳಾಗಿ ಅಷ್ಟು ನಾಯ್ಸು. ಮೊದಲು, ಹೊರಗಿನ ಬೆಳಕು ಎಲ್ಲಿಂದ ಬರುತ್ತದೆ ಎಂದು ಸೈಕಲ್ಸ್‌ಗೆ ತೋರಿಸುವ ಪೋರ್ಟಲ್ ಇಟ್ಟೆ. ನಾಯ್ಸ್ ಇಳಿಯಿತು, ಆದರೆ ಪ್ರತಿ ಸ್ಯಾಂಪಲ್ಲೂ ನಿಧಾನವಾಯಿತು. ಸನ್ ಲ್ಯಾಂಪಿಗೆ ಪೋರ್ಟಲ್‌ನಿಂದ ಏನೂ ಲಾಭವಿಲ್ಲ, ಅದು ವರ್ಲ್ಡ್, ಅಂದರೆ ಸುತ್ತಲಿನ ಆಕಾಶದ, ಬೆಳಕಿಗಷ್ಟೇ.

ಕೊನೆಗೆ ಪೋರ್ಟಲ್, ಸನ್ ಲ್ಯಾಂಪ್ ಎರಡನ್ನೂ ಬಿಟ್ಟೆ. ಸಂದಿಯ ಅಳತೆಯದೇ ಒಂದು ಏರಿಯಾ ಲೈಟನ್ನು ಹೊರಬಾಯಿಗೆ ಒಳಮುಖವಾಗಿ ಇಟ್ಟೆ, ತುಸು ನೀಲಿ. ವರ್ಲ್ಡ್ ಕ್ಯಾಮೆರಾಗೆ ಮಾತ್ರ ಕಾಣುವಂತೆ ರೇ ವಿಸಿಬಿಲಿಟಿಯಲ್ಲಿ ಉಳಿದದ್ದೆಲ್ಲ ಆಫ್. ಇದೊಂದರಿಂದಲೇ ಫ್ರೇಮು 5 ನಿಮಿಷಕ್ಕೆ ಬಂತು.

ಆಮೇಲೆ ಎಣ್ಣೆ ದೀಪ. ಕುಡಿಯ ಮೆಶ್ಶಿನ ಒಂದೊಂದು ತ್ರಿಕೋನವನ್ನೂ ಸೈಕಲ್ಸ್ ಬೇರೆ ಲೈಟೆಂದೇ ಎಣಿಸುತ್ತಿತ್ತು. ಮೆಟೀರಿಯಲ್‌ನಲ್ಲಿ Emission Sampling ಅನ್ನು None ಮಾಡಿ, ಕುಡಿಯ ನಡುವೆ ಪುಟ್ಟ ಪಾಯಿಂಟ್ ಲೈಟ್ ಇಟ್ಟೆ. ಕುಡಿಯ ನೆರಳನ್ನೂ ತೆಗೆಯಲೇಬೇಕು, ಇಲ್ಲದಿದ್ದರೆ ಪಾಯಿಂಟ್ ಲೈಟಿನ ಬೆಳಕು ಒಳಗೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಫ್ರೇಮಿಗೆ ಸುಮಾರು ಒಂದು ನಿಮಿಷ ಉಳಿತಾಯವಾಯಿತು.

ಬೆಳಕು ಬಂಡೆಗೆ ಬಡಿದು ಪುಟಿಯುವ ಲೆಕ್ಕವಾದ ಡಿಫ್ಯೂಸ್ ಬೌನ್ಸ್ 4ರಿಂದ 2ಕ್ಕೆ ಇಳಿಸಿದಾಗ ಹಿಂಬದಿ ಬಂಡೆ ಕಪ್ಪಾಯಿತು. ಮಂದವಾದ ಒಂದು ಫಿಲ್ ಲೈಟಿನಿಂದ ಅದನ್ನು ಮೇಲೆತ್ತಿದೆ. ಎಲ್ಲಿ, ಎಷ್ಟು ಎಂದು ಹೇಳುವುದಿಲ್ಲ, ಅಷ್ಟು ನನ್ನ ಬಳಿ ಇರಲಿ! Clamp Indirect 3, Noise Threshold 0.05, ಮ್ಯಾಕ್ಸ್ ಸ್ಯಾಂಪಲ್ 256. ಒಂದು ಫ್ರೇಮು ನೋಡಿದರೆ ಚೆನ್ನಾಗಿತ್ತು. ಓಡಿಸಿ ನೋಡಿದರೆ ಕತ್ತಲ ಬಂಡೆಯ ಮೇಲೆ ಡಿನಾಯ್ಸರ್‌ನ ಕಲೆಗಳು ಇರುವೆ ಸಾಲಿನ ಹಾಗೆ ಹರಿಯುತ್ತಿದ್ದವು. ಮಿನಿಮಮ್ ಸ್ಯಾಂಪಲ್ 64 ಕೊಟ್ಟ ಮೇಲೆ ಅಡಗಿದವು. ಅದಕ್ಕೇ ಪರೀಕ್ಷೆಗೆ ಯಾವಾಗಲೂ ಎರಡು ಸೆಕೆಂಡಿನ ತುಣುಕನ್ನೇ ರೆಂಡರ್ ಮಾಡಿ ಲೂಪ್ ಹಾಕಿ ನೋಡುತ್ತೇನೆ.

ನಡುವೆ ಇನ್ನೊಂದು ಆಟವಾಡಿದೆ. ಕ್ಯಾಮೆರಾ ಅಲ್ಲಾಡದ ಕಡೆ ಫ್ರೇಮ್ ಸ್ಟೆಪ್ 2 ಇಟ್ಟು, ಒಂದೊಂದು ಫ್ರೇಮನ್ನೂ ಎರಡು ಸಲ ತೋರಿಸಿದೆ. ಓಬವ್ವನ ನಡೆಗೆ ಅದು ಒಪ್ಪಿತು, ಒನಕೆ ಬೀಸುವಲ್ಲಿ ಮಾತ್ರ ಎಡವಿದಂತೆ ಕಂಡಿತು. ಅಲ್ಲಿ ಪೂರ್ತಿ ಫ್ರೇಮುಗಳನ್ನೇ ಹಾಕಿದೆ.

ಫ್ರೇಮಿಗೆ ಎರಡು ನಿಮಿಷದಂತೆ ಒಟ್ಟು ಒಂದು ದಿನಕ್ಕೆ ಸ್ವಲ್ಪ ಮೇಲೆ, ಖರ್ಚು ಕರೆಂಟಿನದಷ್ಟೇ. ಈವಿ ಎಂದವರೇ ಈಗ ಫೈಲು ಕೇಳುತ್ತಿದ್ದಾರೆ. ಆದರೆ ಕೋಟೆಯ ಮೇಲಿನ ಬಯಲು ಶಾಟಿಗೆ ಏರಿಯಾ ಲೈಟಿನ ಉಪಾಯ ನಡೆಯಲಿಲ್ಲ. ಅಲ್ಲಿ ಆಕಾಶವೆಲ್ಲ ತೆರೆದೇ ಇದೆ, ಸಮಯ ತಿನ್ನುತ್ತಿದ್ದದ್ದು ಹುಲ್ಲಿನ ಟ್ರಾನ್ಸ್‌ಪರೆಂಟ್ ಎಲೆಗಳು.