ಹೆಸರಿಲ್ಲದ 24 ನಂಬರ್, ಮೂರು ಚಾರ್ಟ್

ಶುಕ್ರವಾರ ಸಂಜೆ ಬನಶಂಕರಿ ಬಸ್ಸಲ್ಲಿ ನೇತಾಡಿಕೊಂಡು ಬರುತ್ತಿದ್ದಾಗ ದೊಡ್ಡಪ್ಪನಿಂದ ವಾಟ್ಸಾಪ್ ಬಂತು. ಎರಡು ಸಾಲು, ಅಷ್ಟೇ.

61 52 31 22 19 17 16 21 24 29 41 58

73 62 28 18 14 13 12 16 18 23 39 70

ಅದರ ಕೆಳಗೆ: "ಇದಕ್ಕೊಂದು ಚಾರ್ಟ್ ಹಾಕಿಕೊಡು ಕಣೋ. ಪೈ ಚಾರ್ಟ್ ಆದ್ರೆ ನೋಡೋಕೆ ಚೆನ್ನಾಗಿರುತ್ತೆ. ಭಾನುವಾರ ಮೀಟಿಂಗ್."

ದೊಡ್ಡಪ್ಪ ಬ್ಯಾಂಕಿಂದ ರಿಟೈರ್ ಆದವರು. ಉತ್ತರಹಳ್ಳಿ ಕಡೆ 64 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಅಲ್ಲಿನ ಅಸೋಸಿಯೇಷನ್ನಿಗೆ ಸೆಕ್ರೆಟರಿ. ನಾನು ಒಂದು ಕಂಪನಿಯಲ್ಲಿ ತಿಂಗಳ ರಿಪೋರ್ಟ್ ಮಾಡುವವನು. ನೆಂಟರ ಪಾಲಿಗೆ 'ಎಕ್ಸೆಲ್ ಗೊತ್ತಿರೋ ಹುಡುಗ'. ಆಫೀಸಲ್ಲಿ ಯಾರಾದರೂ ಹೀಗೆ ಬರೀ ನಂಬರ್ ಕಳಿಸಿದ್ದರೆ ವಾಪಸ್ ಕೇಳುತ್ತಿದ್ದೆ. ದೊಡ್ಡಪ್ಪನಿಗೆ ಏನು ಕೇಳೋದು ಅಂತ ನಾನೇ ಊಹೆ ಮಾಡಿಕೊಂಡೆ.

ಊಹೆ ಸುಲಭವಾಗಿತ್ತು. ಸಾಲಿಗೆ ಹನ್ನೆರಡು ನಂಬರ್, ಅಂದ್ರೆ ಹನ್ನೆರಡು ತಿಂಗಳು. ಎರಡು ಸಾಲು, ಅಂದ್ರೆ ಕಳೆದ ವರ್ಷ ಮತ್ತು ಈ ವರ್ಷ. ಕೂಡಿ ನೋಡಿದೆ. ಮೊದಲ ಸಾಲು 391, ಎರಡನೆಯದು 386. ನಂಬರುಗಳೂ ಒಂದೇ ಗಾತ್ರದವು, ಮೊತ್ತವೂ ಹತ್ತಿರ ಹತ್ತಿರ. ಜನವರಿಯಿಂದ ಡಿಸೆಂಬರ್ ತನಕ ಜೋಡಿ ಜೋಡಿ ಕಂಬ ನಿಲ್ಲಿಸಿ, ಮೇಲೆ 'ಎರಡು ವರ್ಷಕ್ಕೂ ಹೆಚ್ಚು ವ್ಯತ್ಯಾಸವಿಲ್ಲ' ಅಂತ ಹೆಡಿಂಗ್ ಹಾಕಿ ಕಳಿಸಿದೆ. ಇಪ್ಪತ್ತು ನಿಮಿಷದ ಕೆಲಸ. ನೋಡೋಕೂ ಚೆನ್ನಾಗಿತ್ತು.

ಫೋನ್ ಬಂತು. "ಜನವರಿ ಎಲ್ಲಿಂದ ಬಂತೋ? ನಮ್ಮ ಲೆಕ್ಕ ಏಪ್ರಿಲಿಂದ ಮಾರ್ಚ್ ಅಲ್ವಾ? ಎರಡು ವರ್ಷ ಅಂತ ಯಾರು ಹೇಳಿದ್ರು?"

ಮೊದಲ ಸಾಲು ತಿಂಗಳಿಗೆ ಎಷ್ಟು ನೀರಿನ ಟ್ಯಾಂಕರ್ ತರಿಸಿದರು ಅನ್ನೋದು. ಎರಡನೆಯದು ಅದಕ್ಕೆ ಕೊಟ್ಟ ದುಡ್ಡು, ಸಾವಿರದ ಲೆಕ್ಕದಲ್ಲಿ. ಒಂದು ಟ್ಯಾಂಕರಿಗೆ ಹೆಚ್ಚುಕಮ್ಮಿ ಸಾವಿರ ರೂಪಾಯಿ ಬೀಳೋದರಿಂದ ಎರಡೂ ಸಾಲು ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು. ಟ್ಯಾಂಕರನ್ನೂ ರೂಪಾಯಿಯನ್ನೂ ಅಕ್ಕಪಕ್ಕ ನಿಲ್ಲಿಸಿ ನಾನು ಅಳತೆ ನೋಡಿದ್ದೆ. ದುಡ್ಡು ಪೂರ್ತಿ ರೂಪಾಯಿಯಲ್ಲಿ, 73,200 ಅಂತ ಇದ್ದಿದ್ದರೆ ಮೊದಲ ಸಾಲಿನ ಕಂಬಗಳು ನೆಲಕ್ಕೆ ಅಂಟಿಕೊಂಡು, ಏನೋ ತಪ್ಪಿದೆ ಅಂತ ಆಗಲೇ ಗೊತ್ತಾಗುತ್ತಿತ್ತು.

ಆಮೇಲೆ ನೋಡಿದರೆ ಸುಳಿವು ಆ ನಂಬರುಗಳಲ್ಲೇ ಇತ್ತು. ಮೊದಲ ಸಾಲು ದೊಡ್ಡದಾಗಿರುವ ಕಡೆ ಎರಡನೆಯದು ಅದಕ್ಕಿಂತ ದೊಡ್ಡದು: 61ಕ್ಕೆ 73, 58ಕ್ಕೆ 70. ಚಿಕ್ಕದಾಗಿರುವ ಕಡೆ ಅದಕ್ಕಿಂತ ಚಿಕ್ಕದು: 17ಕ್ಕೆ 13, 16ಕ್ಕೆ 12. ಬೇರೆ ಬೇರೆ ಎರಡು ವರ್ಷಗಳ ಲೆಕ್ಕ ಇಷ್ಟು ಶಿಸ್ತಾಗಿ ನಡೆಯಲ್ಲ. ಒಂದು ತಿಂಗಳು ಅದು ಮೇಲೆ, ಇನ್ನೊಂದು ತಿಂಗಳು ಇದು ಮೇಲೆ ಇರುತ್ತೆ. ಒಂದರಿಂದ ಇನ್ನೊಂದು ಹುಟ್ಟಿದ್ದರೆ ಮಾತ್ರ ಹೀಗಿರೋದು. ಈಗ ಯಾರು ಎರಡು ಸಾಲು ಕಳಿಸಿದರೂ ಮೊದಲು ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡ್ತೀನಿ.

ಇಷ್ಟಾದ ಮೇಲೆ ಸರಿಯಾಗಿ ಕೇಳಿದೆ. "ಎಲ್ಲಾ ಒಂದೇ ಸೈಜಿನ ಟ್ಯಾಂಕರಾ ದೊಡ್ಡಪ್ಪ?" "ಎಲ್ಲಾ 12,000 ಲೀಟರಿನವೇ. 6,000ದ್ದು ನಮ್ಮ ಸಂಪಿಗೆ ಎಲ್ಲಿ ಸಾಲುತ್ತೆ?" ಒಳ್ಳೆಯದಾಯ್ತು. ಎರಡು ಸೈಜು ಬೆರೆತಿದ್ದರೆ 'ಒಂದು ಟ್ಯಾಂಕರಿಗೆ ಇಷ್ಟು' ಅನ್ನೋ ಮಾತಿಗೇ ಅರ್ಥ ಇರುತ್ತಿರಲಿಲ್ಲ.

"ಚಾರ್ಟ್ ನೋಡಿ ಜನ ಏನು ಅಂತ ತಿಳ್ಕೋಬೇಕು?"

"ಖರ್ಚು ಜಾಸ್ತಿಯಾಗಿದೆ ಅಂತ."

"ಯಾವುದಕ್ಕಿಂತ ಜಾಸ್ತಿ?"

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನ ವರ್ಷದ ಲೆಕ್ಕ ಹಳೇ ಟ್ರೆಷರರ್ ಹತ್ತಿರ ಇದೆ, ಅವರು ಮನೆ ಖಾಲಿ ಮಾಡಿಕೊಂಡು ಮೈಸೂರಿಗೆ ಹೋಗಿದ್ದಾರೆ. ಅಂದ್ರೆ ಈ ಮಾತನ್ನು ಈ 24 ನಂಬರಲ್ಲಿ ಹೇಳೋಕೇ ಆಗಲ್ಲ. ಪೈ ಹಾಕಿದರೂ ಅಷ್ಟೇ, ಕಂಬ ಹಾಕಿದರೂ ಅಷ್ಟೇ. "ಹಾಗಾದ್ರೆ ಬೇಸಿಗೇಲಿ ಜಾಸ್ತಿ ಅಂತ ತೋರಿಸು" ಅಂದರು. ತೋರಿಸಬಹುದು. ಆದರೆ ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲಲ್ಲಿ ಟ್ಯಾಂಕರ್ ಜಾಸ್ತಿ ಬರುತ್ತೆ ಅಂತ ಹೇಳೋಕೆ ಚಾರ್ಟ್ ಯಾಕೆ? ಗೇಟಲ್ಲಿ ನಿಂತರೆ ಸಾಕು.

ಕೊನೆಗೆ ಬೇರೆ ಥರ ಕೇಳಿದೆ. "ಮೀಟಿಂಗ್ ಮುಗಿಯೋ ಹೊತ್ತಿಗೆ ಜನ ಯಾವುದಕ್ಕೆ ಕೈ ಎತ್ತಬೇಕು?"

ಆಗ ವಿಷಯ ಹೊರಗೆ ಬಂತು. ಒಬ್ಬ ಟ್ಯಾಂಕರಿನವನು, ಮುಂಚೆನೇ ಅಡ್ವಾನ್ಸ್ ಕೊಟ್ಟರೆ ವರ್ಷಪೂರ್ತಿ 900 ರೂಪಾಯಿಗೆ ಹಾಕ್ತೀನಿ ಅಂದಿದ್ದಾನೆ. ಈಗ ದರ ಸೀಸನ್ ನೋಡಿ ಏರುತ್ತೆ, ಇಳಿಯುತ್ತೆ. ದೊಡ್ಡಪ್ಪನಿಗೆ ಆ ಒಪ್ಪಂದಕ್ಕೆ ಒಪ್ಪಿಗೆ ಬೇಕು. ಅರ್ಧ ಗಂಟೆ ಮಾತಾಡಿದ ಮೇಲೆ ಬಂದ ಮಾತು ಇದು. ಮೆಸೇಜಲ್ಲಿ ಇದರ ಸುಳಿವೇ ಇರಲಿಲ್ಲ.

ಸರಿ, ದರದ ವಿಷಯ ಅಲ್ವಾ, ದರವನ್ನೇ ತೋರಿಸೋಣ ಅಂದುಕೊಂಡೆ. ಶೀಟಿನಲ್ಲಿ A ಕಾಲಂ ತಿಂಗಳು, B ಟ್ಯಾಂಕರ್, C ಸಾವಿರ ರೂಪಾಯಿ. D ಕಾಲಂನಲ್ಲಿ ಭಾಗಿಸಿದೆ:

```
=C2*1000/B2
```

ಏಪ್ರಿಲ್ 1,197. ಮೇ 1,192. ಆಗಸ್ಟಿನಿಂದ ಡಿಸೆಂಬರ್ ತನಕ 737, 765, 750, 762, 750. ಗೆರೆ ಎಳೆದರೆ ಮಳೆಗಾಲದಿಂದ ಚಳಿಗಾಲದ ತನಕ ದರ ಚೂರು ಚೂರು ಕುಣಿದ ಹಾಗೆ ಕಾಣುತ್ತೆ. ಅದು ನಿಜವಾದ ಕುಣಿತ ಅಲ್ಲ. ದೊಡ್ಡಪ್ಪ ದುಡ್ಡನ್ನು ಸಾವಿರಕ್ಕೆ ರೌಂಡ್ ಮಾಡಿದ್ದರು. ರೌಂಡ್ ಮಾಡಿದಾಗ 500 ರೂಪಾಯಿ ತನಕ ಆಚೀಚೆ ಆಗುತ್ತೆ. ಅದನ್ನು 61 ಟ್ಯಾಂಕರಿಗೆ ಹಂಚಿದರೆ ತಲಾ 8 ರೂಪಾಯಿ, ಗೊತ್ತೇ ಆಗಲ್ಲ. 17 ಟ್ಯಾಂಕರಿಗೆ ಹಂಚಿದರೆ ತಲಾ 29 ರೂಪಾಯಿ. ಬಿಲ್ಲಿನ ಫೋಟೋ ಕಳಿಸಿ ಅಂದೆ. ನೋಡಿದರೆ ಆ ಐದೂ ತಿಂಗಳು ದರ ಒಂದೇ, 750. ಜುಲೈ ಮತ್ತು ಜನವರಿ 800, ಜೂನ್ 900, ಫೆಬ್ರವರಿ 950. ಮಾರ್ಚ್, ಏಪ್ರಿಲ್, ಮೇ ಮೂರೂ 1,200. ಭಾಗಿಸಿದ್ದನ್ನು ಅಳಿಸಿ ಬಿಲ್ಲಿನ ದರ ತುಂಬಿದೆ.

ಹನ್ನೆರಡು ಕಂಬ, ಸೊನ್ನೆಯಿಂದ ಶುರು, 900ರ ಹತ್ತಿರ ಒಂದು ಅಡ್ಡಗೆರೆ. ಪೈ ಇಲ್ಲಿಗೆ ಸೇರಲ್ಲ ಅಂತ ದೊಡ್ಡಪ್ಪನಿಗೂ ಅರ್ಥವಾಯ್ತು. ಪೈ ಅಂದ್ರೆ ಒಂದು ಮೊತ್ತದ ತುಂಡುಗಳು. ಹನ್ನೆರಡು ತಿಂಗಳ ದರ ಕೂಡಿಸಿದರೆ ಬರುವ ಸಂಖ್ಯೆ ಯಾವುದರ ಮೊತ್ತವೂ ಅಲ್ಲ.

ಕಳಿಸೋ ಮುಂಚೆ, ಒಪ್ಪಂದ ಬೇಡ ಅನ್ನೋ ಒಬ್ಬ ಮನೆ ಓನರ್ ಕಣ್ಣಿಂದ ಅದನ್ನು ನೋಡಿದೆ. ಅಲ್ಲಿ ಎಡವಿದ್ದು ಗೊತ್ತಾಯ್ತು. 900ರ ಗೆರೆ ದಾಟಿದ್ದು ನಾಲ್ಕೇ ಕಂಬ. ಏಳು ಕಂಬ ಗೆರೆಗಿಂತ ಕೆಳಗೆ, ಜೂನ್ ಗೆರೆಯ ಮೇಲೇ. "ಏಳು ತಿಂಗಳು ನಾವೇ ಜಾಸ್ತಿ ಕೊಡ್ತೀವಲ್ಲ ಸ್ವಾಮಿ" ಅಂತ ಯಾರಾದರೂ ಎದ್ದು ನಿಂತರೆ ಮುಗೀತು. ಚಾರ್ಟಿನಲ್ಲಿ ಒಂದೂ ತಪ್ಪು ಸಂಖ್ಯೆ ಇಲ್ಲ. ಆದರೂ ಅದು ಒಪ್ಪಂದ ನಷ್ಟ ಅಂತ ಹೇಳ್ತಾ ಇತ್ತು. ಯಾಕಂದ್ರೆ ಏಪ್ರಿಲಿನ ಕಂಬದ ಹಿಂದೆ 61 ಟ್ಯಾಂಕರ್ ಇವೆ, ಅಕ್ಟೋಬರಿನ ಕಂಬದ ಹಿಂದೆ 16. ಎರಡು ಕಂಬಕ್ಕೂ ಅಗಲ ಒಂದೇ. ಕಣ್ಣು ಎರಡನ್ನೂ ಸಮ ಅಂತ ಎಣಿಸುತ್ತೆ.

ದರ ತೋರಿಸೋದು ಅಂದುಕೊಂಡಿದ್ದೇ ತಪ್ಪು. ಕೈ ಎತ್ತಬೇಕಾದ ಪ್ರಶ್ನೆ ದರದ್ದಲ್ಲ, 'ಒಪ್ಪಂದ ಇದ್ದಿದ್ದರೆ ಪ್ರತಿ ತಿಂಗಳು ಎಷ್ಟು ಉಳೀತಿತ್ತು, ಎಷ್ಟು ಹೋಗ್ತಿತ್ತು' ಅನ್ನೋದು. ಹಾಗಾಗಿ ಇನ್ನೊಂದು ಕಾಲಂ:

```
=(D2-900)*B2
```

ಏಪ್ರಿಲಲ್ಲಿ 18,300 ಉಳಿತಾಯ. ಮೇ 15,600, ಮಾರ್ಚ್ 17,400, ಫೆಬ್ರವರಿ 2,050. ಜೂನ್ ಸೊನ್ನೆ. ಉಳಿದ ಏಳು ತಿಂಗಳು ಕೈಯಿಂದ ಹೋಗುತ್ತೆ, ಆದರೆ ತಿಂಗಳಿಗೆ ಎರಡು ಸಾವಿರದಿಂದ 3,600ರ ಒಳಗೆ. ಉಳಿಯೋದು ಒಟ್ಟು 53,350, ಹೋಗೋದು 19,650. ಕಳೆದರೆ 33,700.

ಈಗ ಚಾರ್ಟಿನ ಬಗ್ಗೆ ಯೋಚಿಸೋಕೆ ಏನೂ ಉಳಿದಿರಲಿಲ್ಲ. ಉಳಿತಾಯ, ನಷ್ಟ ಎರಡೂ ಇದೆ ಅಂದ ಮೇಲೆ ನಡುವೆ ಸೊನ್ನೆಯ ಗೆರೆ, ಮೇಲೆ ಕೆಲವು ಕಂಬ, ಕೆಳಗೆ ಕೆಲವು. ಮೇಲೆ ಮೂರು ಎತ್ತರದ ಕಂಬ, ಒಂದು ಗಿಡ್ಡದು, ಕೆಳಗೆ ಏಳು ಗಿಡ್ಡ ಕಂಬ. ಏಳು ತಿಂಗಳ ನಷ್ಟವನ್ನು ಬಚ್ಚಿಟ್ಟಿಲ್ಲ, ಅದರ ಅಳತೆ ಮಾತ್ರ ಸರಿಯಾಗಿ ಕಾಣುತ್ತೆ. ಮೇಲಿನವಕ್ಕೆ ಹಸಿರು, ಕೆಳಗಿನವಕ್ಕೆ ಬೂದು. ಕೆಂಪು ಹಾಕಲಿಲ್ಲ, ಗಿಡ್ಡ ಕಂಬಕ್ಕೆ ಕೆಂಪು ಬಳಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಹೆಡಿಂಗ್: 'ಕಳೆದ ಏಪ್ರಿಲಿಂದ ಮಾರ್ಚ್: ವರ್ಷಪೂರ್ತಿ 900 ದರ ಇದ್ದಿದ್ದರೆ 33,700 ರೂಪಾಯಿ ಉಳೀತಿತ್ತು'. ಕೆಳಗೆ ಚಿಕ್ಕದಾಗಿ: 12,000 ಲೀಟರ್ ಟ್ಯಾಂಕರ್, ಒಟ್ಟು 391, ಬಿಲ್ಲಿನ ದರ.

ಎಡಗಡೆ ಒಟ್ಟು ಖರ್ಚು, ಬಲಗಡೆ ಒಪ್ಪಂದದ ಖರ್ಚು ಅಂತ ಎರಡೇ ಕಂಬ ಹಾಕಬಹುದಿತ್ತಲ್ಲ ಅಂತ ಅನ್ನಿಸಬಹುದು. ಹಾಕಿ ನೋಡಿದೆ. 3,85,600 ಮತ್ತು 3,51,900. ಸೊನ್ನೆಯಿಂದ ನಿಲ್ಲಿಸಿದರೆ ಎರಡೂ ಒಂದೇ ಎತ್ತರ ಅನ್ನಿಸುತ್ತವೆ. ಮೂರು ಲಕ್ಷದಿಂದ ಶುರು ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತೆ, ಆದರೆ ಬಲಗಡೆ ಕಂಬ ಸುಳ್ಳುಸುಳ್ಳೇ ಎಡಗಡೆಯದರ ಹೆಚ್ಚುಕಮ್ಮಿ 60 ಪರ್ಸೆಂಟಿನಷ್ಟಾಗುತ್ತೆ. ದೊಡ್ಡಪ್ಪನ ಮೀಟಿಂಗಿಗೆ ಆ ಕೆಲಸ ಬೇಡ ಅಂತ ಬಿಟ್ಟೆ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪ ಫೋನ್ ಮಾಡಿದರು. ಏಳು ತಿಂಗಳ ಪ್ರಶ್ನೆ ಬಂತಂತೆ, ಚಾರ್ಟ್ ತೋರಿಸಿದ ತಕ್ಷಣ ಅದು ತಣ್ಣಗಾಯ್ತಂತೆ. ಆಮೇಲೆ ಮೂರನೇ ಮಹಡಿಯ ಒಬ್ಬರು ಎದ್ದು, "ಮಾರ್ಚಲ್ಲಿ ಹೊರಗಡೆ ದರ 1,200 ಇದ್ದಾಗ ಅವನು ನಮಗೆ 900ಕ್ಕೆ ಗಾಡಿ ಕಳಿಸ್ತಾನಾ?" ಅಂದರಂತೆ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಚಾರ್ಟ್ ಅವನು ಕಳಿಸಿಯೇ ಕಳಿಸುತ್ತಾನೆ ಅಂತ ನಂಬಿಕೊಂಡೇ ಲೆಕ್ಕ ಹಾಕಿತ್ತು. ತೀರ್ಮಾನ ಮುಂದಿನ ಮೀಟಿಂಗಿಗೆ ಹೋಯ್ತು.

"ಅದಕ್ಕೂ ಒಂದು ಚಾರ್ಟ್ ಹಾಕು" ಅಂದರು ದೊಡ್ಡಪ್ಪ. ಅವನು ಈಗಲೂ ನಿಮಗೆ ಟ್ಯಾಂಕರ್ ಹಾಕ್ತಾ ಇದ್ದಾನಲ್ಲ, ಕಳೆದ ಬೇಸಿಗೇಲಿ ಹೇಳಿದ ದಿನ ಬಾರದೇ ಇದ್ದ ಗಾಡಿ ಎಷ್ಟು ಅಂತ ಲೆಕ್ಕ ಇದೆಯಾ ಅಂತ ಕೇಳಿದೆ. ಸೆಕ್ಯೂರಿಟಿಯವರ ಗೇಟ್ ರಿಜಿಸ್ಟರಲ್ಲಿ ಇರುತ್ತೆ ಅಂದರು. ಸಂಜೆ ಫೋಟೋ ಬಂತು. ಐದು ಕಾಲಂ, ತುಂಬಾ ನಂಬರು, ಮೇಲೆ ಹೆಸರಿಲ್ಲ. ಹೆಡಿಂಗ್ ರಿಜಿಸ್ಟರಿನ ಮೊದಲನೇ ಪುಟದಲ್ಲಿ ಮಾತ್ರ ಇದೆಯಂತೆ.