ಗೀಟು ಹಾಕಲು ಶುರುಮಾಡಿದ ಮೇಲೆ ಟೈಮರ್ ಉಪಯೋಗಕ್ಕೆ ಬಂತು

ಮೈಸೂರಿನ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಸಬ್‌ಟೈಟಲ್ ಅನುವಾದ ಮಾಡುವುದು ನನ್ನ ಕೆಲಸ. ಸಾಕ್ಷ್ಯಚಿತ್ರ, ತರಬೇತಿ ವಿಡಿಯೊ, ಒಮ್ಮೊಮ್ಮೆ ಧಾರಾವಾಹಿ. ದುಡ್ಡು ಬರುವುದು ವಿಡಿಯೊದ ನಿಮಿಷಕ್ಕೆ ಇಷ್ಟು ಅಂತ; ನಾನು ಕುರ್ಚಿಯಲ್ಲಿ ಕೂತ ನಿಮಿಷಕ್ಕಲ್ಲ. ಹಾಗಾಗಿ ಬೆಳಗ್ಗೆಯಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಂದೆ ಇದ್ದು ನೂರು ಸಾಲು ಮುಗಿಸಿದರೆ ಆ ನಷ್ಟ ಪೂರ್ತಿ ನನ್ನದೇ.

ಪೊಮೊಡೊರೊ ಲೆಕ್ಕ ಬಹಳ ಜನರಿಗೆ ಗೊತ್ತು: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಅಂಥ ನಾಲ್ಕು ಸುತ್ತಿಗೊಮ್ಮೆ 15ರಿಂದ 30 ನಿಮಿಷದ ದೊಡ್ಡ ಬಿಡುವು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಲು ಕೂತದ್ದರಿಂದ ಈ ಹೆಸರು; ಇಟಾಲಿಯನ್ ಭಾಷೆಯಲ್ಲಿ ಪೊಮೊಡೊರೊ ಅಂದರೆ ಟೊಮೆಟೊ. ಆದರೆ ಆತ ಹೇಳಿದ್ದರಲ್ಲಿ ಅರ್ಧವನ್ನು ಆ್ಯಪ್‌ಗಳು ಕೈಬಿಟ್ಟಿವೆ. ಗಂಟೆ ಹೊಡೆಯುವುದು ಮಾತ್ರ ಉಳಿದಿದೆ. ಕೆಲಸದ ನಡುವೆ ಅಡ್ಡಿ ಬಂದಾಗಲೆಲ್ಲ ಪಕ್ಕದ ಕಾಗದದ ಮೇಲೆ ಗುರುತು ಹಾಕಬೇಕು ಅನ್ನುವುದು ಆ ಪದ್ಧತಿಯ ಇನ್ನೊಂದು ಭಾಗ: ಅಡ್ಡಿ ನಮ್ಮ ತಲೆಯೊಳಗಿಂದಲೇ ಎದ್ದಿದ್ದರೆ ಮೇಲೊಂದು ಚಿಕ್ಕ ಗೀಟು, ಹೊರಗಿನವರಿಂದ ಬಂದಿದ್ದರೆ ಅಡ್ಡಗೀಟು. ನನಗೆ ಪ್ರಯೋಜನವಾದದ್ದು ಗಂಟೆಗಿಂತ ಈ ಗೀಟುಗಳಿಂದ.

ಮೊದಲು ಟೈಮರ್ ಎಲ್ಲಿರಬೇಕು ಅನ್ನುವ ವಿಚಾರ. ನಾನು ಅದನ್ನು ಫೋನಿನಿಂದ ಹೊರಗೆ ತಂದೆ. 25 ನಿಮಿಷ ಶುರುಮಾಡಲು ಫೋನ್ ಕೈಗೆತ್ತಿಕೊಂಡರೆ ಮೂರು ವಾಟ್ಸ್ಆ್ಯಪ್ ಗುಂಪಿನ ಮೆಸೇಜು ಕಣ್ಣಿಗೆ ಬೀಳುತ್ತದೆ. ಬಿಡುವಿಗೆ ಗಂಟೆ ಹೊಡೆದಾಗ ಅದನ್ನು ನಿಲ್ಲಿಸಲು ಮತ್ತೆ ಫೋನೇ. ಫಾರೆಸ್ಟ್ ಆ್ಯಪ್ ಚೆನ್ನಾಗಿದೆ ಅಂತ ಅದನ್ನೂ ಬಳಸಿದೆ. ಟೈಮರ್ ಓಡುವಾಗ ಪರದೆಯಲ್ಲಿ ಗಿಡ ಬೆಳೆಯುತ್ತದೆ, ನಡುವೆ ಬೇರೆ ಆ್ಯಪ್‌ಗೆ ಹೋದರೆ ಒಣಗುತ್ತದೆ. ಫೋನ್ ಮುಟ್ಟದಿರಲು ಅದು ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಗಿಡ ಅಳೆಯುವುದು ಫೋನ್ ಮುಟ್ಟಲಿಲ್ಲ ಅನ್ನುವುದನ್ನು ಮಾತ್ರ. ಅತ್ತೆಯವರ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗಲೂ ನನ್ನ ಗಿಡ ಸೊಂಪಾಗಿ ಬೆಳೆದಿತ್ತು. ನನ್ನ ಕೆಲಸ ಇರುವುದು ಲ್ಯಾಪ್‌ಟಾಪಿನಲ್ಲಿ, ಅಡ್ಡದಾರಿಗಳೂ ಅಲ್ಲೇ ಇವೆ.

ಈಗ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದು pomofocus.io ಬಳಸುತ್ತೇನೆ, ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎರಡು ಗುಂಡಿಗಳ ಬಗ್ಗೆ ಮಾತ್ರ ಹೇಳುತ್ತೇನೆ. `Auto Start Breaks` ಆನ್ ಇಟ್ಟಿದ್ದೇನೆ, ಬಿಡುವು ತಾನಾಗಿ ಶುರುವಾಗಲಿ. `Auto Start Pomodoros` ಮಾತ್ರ ಆಫ್. ಅದು ಆನ್ ಇದ್ದರೆ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗಲೇ ಮುಂದಿನ ಸುತ್ತು ಓಡಲು ಶುರುವಾಗಿ ಸಂಜೆಯ ಲೆಕ್ಕ ಸುಳ್ಳಾಗುತ್ತದೆ. ಇನ್ನೊಂದು ವಿಷಯ: ಕ್ರೋಮ್ ಬಹಳ ಹೊತ್ತು ಮರೆಯಲ್ಲಿರುವ ಟ್ಯಾಬನ್ನು ಮಲಗಿಸಿಬಿಡುವುದುಂಟು. ಗಂಟೆ ಹೊಡೆಯಲೇ ಇಲ್ಲ, ಟ್ಯಾಬಿಗೆ ಹೋದರೆ ಪುಟ ಹೊಸದಾಗಿ ತೆರೆದುಕೊಂಡಿತು ಅಂದರೆ ಕಾರಣ ಅದೇ. ಸೆಟ್ಟಿಂಗ್ಸ್‌ನ `Performance` ಭಾಗದಲ್ಲಿ `Always keep these sites active` ಪಟ್ಟಿಗೆ ಆ ವಿಳಾಸ ಸೇರಿಸಿದರೆ ಸರಿಹೋಗುತ್ತದೆ. ಫೋನಿನ ಟೈಮರ್ ಆ್ಯಪ್ ಬಳಸುವವರಿಗೂ ಇಂಥದ್ದೇ ತೊಂದರೆ ಇದೆ, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮುಚ್ಚಿಬಿಡುತ್ತದೆ. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು `Unrestricted` ಮಾಡಬೇಕು.

ಫೋನಿಗೆ ಬೇರೆ ಟೈಮರ್ ಬೇಡ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ `Focus mode` ಇದೆ. ಅದರಲ್ಲಿ ಆರಿಸಿದ ಆ್ಯಪ್‌ಗಳು ತೆರೆಯುವುದಿಲ್ಲ, ಅವುಗಳ ನೋಟಿಫಿಕೇಶನ್ನೂ ಬರುವುದಿಲ್ಲ. ಮಾಮೂಲಿ ಕರೆ ಬರುತ್ತದೆ. ನನಗೆ ಕೆಲಸ ಕೊಡುವವರಿಗೆಲ್ಲ ಒಂದೇ ಸಾಲು ಕಳಿಸಿದೆ: ‘ಮೆಸೇಜ್ 11 ಗಂಟೆಗೆ, 3 ಗಂಟೆಗೆ ನೋಡುತ್ತೇನೆ, ಅರ್ಜೆಂಟ್ ಇದ್ದರೆ ಫೋನ್ ಮಾಡಿ.’ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಫೋನ್ ಮಾಡಿದವರೂ ಕಡಿಮೆ.

ಇನ್ನು ಗೀಟುಗಳ ವಿಷಯ. ಕೀಬೋರ್ಡ್ ಪಕ್ಕ ಒಂದು ಹಾಳೆ, ಸುತ್ತಿಗೊಂದು ಸಾಲು. ಏಳಬೇಕೆನಿಸಿದರೆ, ಬೇರೆ ಟ್ಯಾಬ್ ತೆರೆಯಬೇಕೆನಿಸಿದರೆ ಮೇಲೊಂದು ಗೀಟು, ಮುಂದೆ ಒಂದೇ ಪದದಲ್ಲಿ ಕಾರಣ. ಯಾರಾದರೂ ಕರೆದರೆ ಅಡ್ಡಗೀಟು, ಹೊತ್ತು. ಅಷ್ಟೇ. ಒಂದು ವಾರದ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ನಾನು ಅಂದುಕೊಂಡದ್ದೇ ಬೇರೆ, ಅಲ್ಲಿದ್ದದ್ದೇ ಬೇರೆ. ಮೇಲಿನ ಗೀಟುಗಳ ಮುಂದೆ ‘ಇನ್‌ಸ್ಟಾ’, ‘ಹಸಿವು’ ಇತ್ತು ನಿಜ, ಆದರೆ ಹೆಚ್ಚಾಗಿ ಇದ್ದದ್ದು ‘ಪದ’.

ಅನುವಾದಕರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸಾಲಿನಲ್ಲಿ ಒಂದು ಹಕ್ಕಿಯ ಹೆಸರು ಬರುತ್ತದೆ. ಕನ್ನಡದಲ್ಲಿ ಏನಂತಾರೆ ನೋಡೋಣ ಅಂತ ನಿಘಂಟು ತೆರೆಯುತ್ತೇನೆ, ಅಲ್ಲಿಲ್ಲ, ಹುಡುಕುತ್ತಾ ಒಂದು ವಿಡಿಯೊಗೆ ಹೋಗುತ್ತೇನೆ, ಆ ಹಕ್ಕಿ ಗೂಡು ಕಟ್ಟುವುದನ್ನು ನೋಡುತ್ತೇನೆ, ಪಕ್ಕದಲ್ಲಿ ಮಂಗಟ್ಟೆಯ ವಿಡಿಯೊ ಕಾಣುತ್ತದೆ. ಕಾಲು ಗಂಟೆ ಹೋಯಿತು, ಕೆಲಸ ಮಾಡಿದ ಸಮಾಧಾನ ಬೇರೆ! ಯಾವ ಸೈಟ್ ಬ್ಲಾಕರ್ ಹಾಕಿದರೂ ಇದು ನಿಲ್ಲುವುದಿಲ್ಲ, ಯಾಕೆಂದರೆ ಶುರುವಾಗುವುದು ನಿಘಂಟಿನಿಂದ.

ಹಾಗಾಗಿ ಪದ ಹುಡುಕುವುದನ್ನೇ ಬೇರೆ ಸುತ್ತು ಮಾಡಿದೆ. ಮೊದಲ ಸಲ ಅನುವಾದಿಸುವಾಗ ಗೊತ್ತಿಲ್ಲದ ಪದ ಬಂದರೆ ಇಂಗ್ಲಿಷ್ ಪದವನ್ನೇ ಹಾಗೇ ಬಿಟ್ಟು ಮುಂದೆ `??` ಹಾಕಿ ಮುಂದಿನ ಸಾಲಿಗೆ ಹೋಗುತ್ತೇನೆ. ಎಲ್ಲ ಮುಗಿದ ಮೇಲೆ `Ctrl+F` ಒತ್ತಿ `??` ಹುಡುಕಿದರೆ ಒಂದೊಂದಾಗಿ ಸಿಗುತ್ತವೆ. ಆ ಹೊತ್ತಿಗೆ ಅರ್ಧದಷ್ಟು ಪದಗಳು ಮುಂದಿನ ದೃಶ್ಯದಲ್ಲೇ ಅರ್ಥ ಬಿಟ್ಟುಕೊಟ್ಟಿರುತ್ತವೆ. ಉಳಿದವಕ್ಕೆ 25 ನಿಮಿಷದ ಎರಡು ಸುತ್ತು ಸಾಕು, ಗಂಟೆ ಹೊಡೆಯುತ್ತದೆ ಅಂತ ಗೊತ್ತಿರುವುದರಿಂದ ಮಂಗಟ್ಟೆಯವರೆಗೆ ಹೋಗುವುದಿಲ್ಲ.

ಅಡ್ಡಗೀಟುಗಳು ಹತ್ತೂವರೆಯಿಂದ ಹನ್ನೊಂದೂವರೆ ನಡುವೆ ಗುಂಪುಗೂಡಿದ್ದವು. ಕೊರಿಯರ್, ಸೊಪ್ಪಿನವರು, ಗ್ಯಾಸ್ ಸಿಲಿಂಡರ್, ಕುಕ್ಕರ್ ಕೂಗು, ಎಲ್ಲ ಆ ಒಂದು ಗಂಟೆಯೊಳಗೆ. ಅದರ ಜೊತೆ ಹೊಡೆದಾಡಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಟೈಮರ್ ಹಾಕುವುದನ್ನೇ ಬಿಟ್ಟು ಮೇಲ್, ಬಿಲ್ಲು, ಫೈಲ್ ಇಳಿಸಿಕೊಳ್ಳುವುದು ಇಂಥ ಚಿಲ್ಲರೆ ಕೆಲಸಗಳನ್ನು ಅಲ್ಲಿಗೆ ತಳ್ಳಿದೆ. ಏಳೂವರೆಯಿಂದ ಹತ್ತೂವರೆ ಅನುವಾದಕ್ಕೆ.

ಮಿಕ್ಕ ಅಡ್ಡಗೀಟುಗಳೆಲ್ಲ ಅತ್ತೆಯವರದು, ತಪ್ಪು ಅವರದಲ್ಲ. ಹೆಡ್‌ಫೋನ್ ಹಾಕಿಕೊಂಡು ಪರದೆಯಲ್ಲಿ ಸಿನಿಮಾ ಓಡಿಸಿಕೊಂಡು ಕೂತವಳು ಕೆಲಸ ಮಾಡುತ್ತಿದ್ದಾಳೋ ನೋಡುತ್ತಾ ಕೂತಿದ್ದಾಳೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಬ್ರೌಸರಿನೊಳಗಿನ ಟೈಮರ್ ಅವರಿಗೆ ಕಾಣುವುದಿಲ್ಲ. ಅದಕ್ಕೆ ಫ್ರಿಜ್ಜಿಗೆ ಅಂಟಿಸುವಂಥ ದೊಡ್ಡ ಅಂಕಿಯ ಅಡುಗೆಮನೆ ಟೈಮರ್ ಒಂದನ್ನು ತಂದು ಕೋಣೆಯ ಬಾಗಿಲ ಹೊರಗೆ ಇಟ್ಟೆ. ‘ಅತ್ತೆ, ಇದು ಸೊನ್ನೆಗೆ ಬಂದಾಗ ನಾನೇ ಹೊರಗೆ ಬರ್ತೀನಿ, ಅಲ್ಲಿವರೆಗೆ ಏನಿದ್ದರೂ ತಡೀಬಹುದಾ ನೋಡಿ’ ಅಂದೆ. ‘ಹಾಲು ಉಕ್ಕಿದ್ರೂ ಕರೀಬಾರದಾ?’ ಅಂದರು. ಉಕ್ಕಿದರೆ ಕರೆಯಬಹುದು ಅಂತ ಒಪ್ಪಂದವಾಯಿತು. ಈಗ ಅವರೇ ಟೈಮರ್ ನೋಡಿ, ‘ಏಳು ನಿಮಿಷ ಇದೆ, ಆಮೇಲೆ ಕರಿಬೇವು ಬಿಡಿಸಿಕೊಡು’ ಅಂತ ಬಾಗಿಲ ಆಚೆಯಿಂದ ಹೇಳಿ ಹೋಗುತ್ತಾರೆ. ಅದೂ ಒಂದು ಅಡ್ಡಿಯೇ, ಇರಲಿ.

ಸುತ್ತಿನ ಉದ್ದವನ್ನೂ ಕೆಲಸಕ್ಕೆ ತಕ್ಕಂತೆ ಬದಲಿಸಿದ್ದೇನೆ. ಮೊದಲ ಅನುವಾದಕ್ಕೆ 25 ಸರಿ, ಅಷ್ಟಾಗುವಾಗ ಕಣ್ಣು ಸೋತಿರುತ್ತದೆ. ಆದರೆ ವಿಡಿಯೊ ಓಡಿಸಿ ಸಾಲು ಸಮಯಕ್ಕೆ ಸರಿಯಾಗಿ ಬರುತ್ತಿದೆಯೇ, ಮಾತು ನಾಲಿಗೆಗೆ ಕೂರುತ್ತದೆಯೇ ಅಂತ ನೋಡುವ ಪರಿಶೀಲನೆಗೆ 25 ಸಾಲದು. ಪಾತ್ರಗಳ ದನಿ ಕಿವಿಗೆ ಹತ್ತುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅದಕ್ಕೆ 50 ಮತ್ತು 10. ದೃಶ್ಯದ ಮಧ್ಯೆ ಗಂಟೆಯಾದರೆ ದೃಶ್ಯ ಮುಗಿಸಿಯೇ ಏಳುತ್ತೇನೆ. ಮೂಲ ನಿಯಮ ಇದನ್ನು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಬಿಡುವನ್ನು ಮಾತ್ರ ನುಂಗುವುದಿಲ್ಲ. ನುಂಗಿದ ದಿನ ಮಧ್ಯಾಹ್ನದ ಸಾಲುಗಳಲ್ಲಿ ಅಕ್ಷರ ತಪ್ಪು ಹೆಚ್ಚಿರುವುದು ಪರಿಶೀಲನೆಯಲ್ಲಿ ಕಾಣುತ್ತದೆ.

ಹಾಳೆಗಳಿಂದ ಸಿಕ್ಕ ಇನ್ನೊಂದು ಲಾಭ, ಗಡುವು ಹೇಳುವುದು. 48 ನಿಮಿಷದ ಒಂದು ಸಾಕ್ಷ್ಯಚಿತ್ರವನ್ನೇ ತೆಗೆದುಕೊಳ್ಳಿ, ಸುಮಾರು 600 ಸಾಲು. ಅಡ್ಡಿಯಿಲ್ಲದ 25 ನಿಮಿಷದಲ್ಲಿ ನನಗೆ 40 ಸಾಲು ಆಗುತ್ತದೆ, ಅಂದರೆ 15 ಸುತ್ತು. ಒಂದು ಕೆಲಸ ಐದರಿಂದ ಏಳು ಸುತ್ತು ಮೀರಿದರೆ ಒಡೆಯಬೇಕು ಅನ್ನುವುದು ಚಿರಿಲ್ಲೊ ಹೇಳಿದ್ದೇ, ಹಾಗಾಗಿ 150 ಸಾಲಿನ ನಾಲ್ಕು ತುಂಡು ಮಾಡಿ ಒಂದೊಂದಕ್ಕೆ ನಾಲ್ಕು ಸುತ್ತು ಅಂತ ಬರೆದುಕೊಳ್ಳುತ್ತೇನೆ. ಪದ ಹುಡುಕಲು 2 ಸುತ್ತು. ಪರಿಶೀಲನೆಗೆ 50 ನಿಮಿಷದ 3. ನಮ್ಮ ಮನೆಯಲ್ಲಿ ಒಂದು ದಿನಕ್ಕೆ 25 ನಿಮಿಷದ 8 ಶುದ್ಧ ಸುತ್ತು ಸಿಕ್ಕರೆ ಒಳ್ಳೆಯ ದಿನ. ಸೋಮವಾರ ಶುರುಮಾಡಿದರೆ ಮಂಗಳವಾರ ಸಂಜೆಗೆ ಅನುವಾದ ಮುಗಿಯುತ್ತದೆ, ಬುಧವಾರ ಪದಗಳು ಮತ್ತು ಪರಿಶೀಲನೆ. ಕೇಳಿದವರಿಗೆ ಗುರುವಾರ ಮಧ್ಯಾಹ್ನ ಅನ್ನುತ್ತೇನೆ. ಮೊದಲಾಗಿದ್ದರೆ ‘ದಿನಕ್ಕೆ ಎಂಟು ಗಂಟೆ, ಎರಡು ದಿನ ಸಾಕು’ ಅನ್ನುತ್ತಿದ್ದೆ.

ಮಗುವಿಗೆ ಜ್ವರ ಬಂದ ದಿನ, ನೆಂಟರು ಬಂದ ದಿನ ಈ ಪದ್ಧತಿ ನಡೆಯುವುದಿಲ್ಲ. ಅಡ್ಡಿ ಬಂದಾಗೆಲ್ಲ ಸುತ್ತು ರದ್ದು ಮಾಡುತ್ತಾ ಹೋದರೆ ಸಂಜೆಗೆ ಹಾಳೆಯಲ್ಲಿ ಸೊನ್ನೆ, ಆದರೆ ನಾನು ಅಲ್ಲಲ್ಲಿ ಹತ್ತು ನಿಮಿಷ ಕೂತು ತೊಂಬತ್ತು ಸಾಲು ಮುಗಿಸಿರುತ್ತೇನೆ. ಅಂಥ ದಿನಗಳಿಗೆ ಹಿಂದಕ್ಕೆ ಎಣಿಸುವ ಟೈಮರ್ ಮುಚ್ಚಿ ಟಾಗಲ್ ಟ್ರ್ಯಾಕ್ ತೆರೆಯುತ್ತೇನೆ. ಅದು ಮುಂದಕ್ಕೆ ಎಣಿಸುತ್ತದೆ. ಕೂತಾಗ ಒತ್ತಿದರೆ ಶುರು, ಎದ್ದಾಗ ಒತ್ತಿದರೆ ನಿಲ್ಲುತ್ತದೆ. ಗಂಟೆಯ ಲೆಕ್ಕದಲ್ಲಿ ಹಣ ಕೊಡುವ ಒಬ್ಬರಿಗೆ ತಿಂಗಳ ಕೊನೆಗೆ ಅದರ ವರದಿಯನ್ನೇ ಬಿಲ್ಲಿನ ಜೊತೆ ಕಳಿಸುತ್ತೇನೆ.