ಹಾಸನದ ಅಂಗಡಿ ಲೆಕ್ಕ, ಕಲಬುರಗಿಯ ಮನೆಯಲ್ಲಿ

ನಮ್ಮವರು ಬ್ಯಾಂಕಿನಲ್ಲಿದ್ದಾರೆ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ನಮಗೆ ಮಾಮೂಲಿ. ಹಾಸನದಲ್ಲಿ ನಾನು ಆಡಿಟರ್ ಒಬ್ಬರ ಆಫೀಸಿನಲ್ಲಿ ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದೆ. ಕಲಬುರಗಿಗೆ ವರ್ಗ ಅಂತ ಗೊತ್ತಾದಾಗ ಹೊಸ ಕೆಲಸ ಹುಡುಕಲಿಲ್ಲ. ಇದ್ದದ್ದನ್ನೇ ಒಯ್ಯಲು ಆಗುತ್ತಾ ಅಂತ ನೋಡಿದೆ.

"ಅಲ್ಲಿಂದಾನೂ ಮಾಡ್ತೀನಿ ಸರ್" ಅಂದರೆ ಯಾರು ನಂಬುತ್ತಾರೆ? ಊರು ಬಿಡುವ ಎರಡು ತಿಂಗಳು ಮೊದಲೇ ನಾಲ್ಕು ಅಂಗಡಿಗಳ ಲೆಕ್ಕವನ್ನು ಮನೆಯಿಂದಲೇ ಮಾಡಿ ತೋರಿಸಿದೆ. ಕಂಪ್ಯೂಟರ್, ಟ್ಯಾಲಿ ಯಾವುದೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಒಟಿಪಿ.

ರಿಟರ್ನ್ ಸಲ್ಲಿಸುವಾಗ ಒಟಿಪಿ ಹೋಗುವುದು ಅಂಗಡಿಯವರ ಮೊಬೈಲಿಗೆ. ಹಾರ್ಡ್‌ವೇರ್ ಅಂಗಡಿಯವರು ಮಧ್ಯಾಹ್ನ ಊಟ ಮಾಡಿ ಮಲಗಿದರೆ ಎದ್ದೇಳುವುದು ನಾಲ್ಕಕ್ಕೆ. ಅಷ್ಟರಲ್ಲಿ ಒಟಿಪಿ ಹಾಳಾಗಿರುತ್ತಿತ್ತು. "ನಿಮ್ಮ ನಂಬರೇ ಹಾಕ್ಕೊಂಡ್ಬಿಡಿ ಮೇಡಂ" ಅಂದರು. ನಾನು ಒಪ್ಪಲಿಲ್ಲ. ಇಲಾಖೆಯ ಮೆಸೇಜುಗಳೂ ಆ ನಂಬರಿಗೇ ಬರುತ್ತವೆ. ನಾನು ಒಂದನ್ನು ನೋಡದೆ ಬಿಟ್ಟರೆ ದಂಡ ಕಟ್ಟುವವರು ಅವರು, ಅಲ್ವಾ? ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಪೂಜೆ ಮುಗಿಸಿದ ಕೂಡಲೇ ಅಂತ ಹೊತ್ತು ಗೊತ್ತು ಮಾಡಿಕೊಂಡೆವು. ಮೊದಲು ಫೋನ್ ಮಾಡುತ್ತೇನೆ, ಅವರು ಲೈನಿನಲ್ಲಿದ್ದಾಗಲೇ ಬಟನ್ ಒತ್ತುತ್ತೇನೆ.

ಬಿಲ್ಲುಗಳು ವಾಟ್ಸಾಪಿನಲ್ಲಿ ಬರುತ್ತವೆ. ಒಂದು ಬಿಲ್ಲಿಗೆ ಒಂದು ಫೋಟೋ, ನಾಲ್ಕೂ ಮೂಲೆ ಕಾಣಬೇಕು. ಹತ್ತು ಬಿಲ್ ಹರಡಿ ಒಂದೇ ಫೋಟೋ ತೆಗೆದರೆ ವಾಪಸ್ ಕಳಿಸುತ್ತೇನೆ. ಒಂದು ತಿಂಗಳು 50,000 ರೂಪಾಯಿಯ ಪೇಂಟ್ ಬಿಲ್ ಬಂತು, ಅದರ ಮೇಲೆ ತೆರಿಗೆ 9,000. ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ 14ನೇ ತಾರೀಖು ಜಿಎಸ್‌ಟಿಆರ್-2ಬಿ ಅಂತ ಪೋರ್ಟಲ್‌ನಲ್ಲಿ ಬರುತ್ತದೆ, ಅದರಲ್ಲಿ ಈ ಬಿಲ್ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ಅವರು 11ರೊಳಗೆ ತಮ್ಮ ರಿಟರ್ನ್ ಹಾಕೇ ಇಲ್ಲ! ಆ 9,000 ಅಂಗಡಿಯವರಿಗೆ ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಲು ಆ ತಿಂಗಳು ಸಿಗಲಿಲ್ಲ, ಮುಂದಿನ ತಿಂಗಳು ಸಿಕ್ಕಿತು. ಆಡಿಟರ್‌ಗೆ ನನ್ನ ಮೇಲೆ ನಂಬಿಕೆ ಬಂದದ್ದು ಇದನ್ನು ಹಿಡಿದ ಮೇಲೆಯೇ. ನಾಲ್ಕು ಅಂಗಡಿ ಎಂಟಾದವು. ಮೊದಲಿನ ಸಂಬಳದ ಬದಲು ಈಗ ಅಂಗಡಿಗೆ ಇಷ್ಟು ಅಂತ ಕೊಡುತ್ತಾರೆ. ರಿಟರ್ನ್ ಹಾಕಿದ ತಿಂಗಳು ಮಾತ್ರ ದುಡ್ಡು, ರಜೆ ಗಿಜೆ ಇಲ್ಲ.

ಹಳೇ ಫೈಲ್ ಹುಡುಕುವುದು, ಅಧಿಕಾರಿಗಳ ಎದುರು ಕೂರುವುದು ದೂರದಿಂದ ಆಗುವುದಿಲ್ಲ. ಅವನ್ನು ಆಡಿಟರ್ ಆಫೀಸಿಗೇ ಬಿಟ್ಟಿದ್ದೇನೆ.

ಮನೆ ಸಾಗಿಸುವ ವಾರವೇ ನನಗೆ ದೊಡ್ಡ ತಲೆನೋವಾಗಿತ್ತು. ತಿಂಗಳಿಗೆ ಎರಡು ರಿಟರ್ನ್: ಮಾರಾಟದ ಬಿಲ್ಲುಗಳದ್ದಕ್ಕೆ 11, ತೆರಿಗೆ ಕಟ್ಟುವುದಕ್ಕೆ 20 ಕೊನೇ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. ಹೊಸ ಮನೆಗೆ ಇಂಟರ್ನೆಟ್ ಬರುವುದು ಯಾವಾಗಲೋ. ಎರಡು ಕಂಪನಿಯ ಸಿಮ್ ಇಟ್ಟುಕೊಂಡೆ. ನಮ್ಮವರು ಮೊದಲೇ ಹೋಗಿ ಡ್ಯೂಟಿಗೆ ಸೇರಿಕೊಂಡರು. ನಾನೂ ಸಾಮಾನೂ ಹಾಸನ ಬಿಟ್ಟದ್ದು 21ಕ್ಕೆ. ಲ್ಯಾಪ್‌ಟಾಪ್ ಮಾತ್ರ ಲಾರಿಗೆ ಹಾಕಲಿಲ್ಲ, ತೊಡೆ ಮೇಲಿಟ್ಟುಕೊಂಡೇ ಬಂದೆ.